ಲೆಕ್ಕದಲ್ಲಿ ಕದಲದೆ ಕೂತಿರುವುದು ಯಾವುದು?

ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚುತ್ತದೆಯೇ? ಹಾಗಾದರೆ ನೇರ ಅನುಪಾತ. ಒಂದು ಹೆಚ್ಚಿದರೆ ಇನ್ನೊಂದು ಇಳಿಯುತ್ತದೆಯೇ? ಹಾಗಾದರೆ ವಿಲೋಮ ಅನುಪಾತ. ಎಂಟನೇ ತರಗತಿಯ ಮಕ್ಕಳನ್ನು ಯಾರು ಕೇಳಿದರೂ ಈ ಎರಡು ಸಾಲು ಮಗ್ಗಿಯ ಹಾಗೆ ಉರುಳಿಬರುತ್ತವೆ. ಟ್ಯೂಷನ್ನಿನಲ್ಲಿ ಇದಕ್ಕೆ ಬಾಣದ ಗುರುತನ್ನೂ ಸೇರಿಸಿರುತ್ತಾರೆ. ಎರಡು ಬಾಣವೂ ಒಂದೇ ಕಡೆ ಮುಖ ಮಾಡಿದರೆ ಅಡ್ಡ ಗುಣಾಕಾರ, ಬೇರೆ ಬೇರೆ ಕಡೆ ಮುಖ ಮಾಡಿದರೆ ನೇರ ಗುಣಾಕಾರ. ಅಲ್ಲಿಗೆ ಪಾಠ ಮುಗಿಯಿತು.

ಈ ಸೂತ್ರ ಸುಲಭದ ಲೆಕ್ಕಗಳಲ್ಲಿ ಕೈಕೊಡುವುದಿಲ್ಲ. ಬೆಂಗಳೂರಿನಿಂದ ಹಾಸನಕ್ಕೆ ಹತ್ತಿರ ಹತ್ತಿರ 180 ಕಿಲೋಮೀಟರು. ಅಷ್ಟಕ್ಕೆ ಒಂದು ಕಾರು 12 ಲೀಟರ್ ಪೆಟ್ರೋಲು ಕುಡಿದರೆ, ಸುಮಾರು 240 ಕಿಲೋಮೀಟರಿನ ಚಿಕ್ಕಮಗಳೂರಿಗೆ ಎಷ್ಟು ಬೇಕು? ದೂರ ಹೆಚ್ಚಿತು, ಪೆಟ್ರೋಲೂ ಹೆಚ್ಚಬೇಕು, 16 ಲೀಟರ್. ಇನ್ನೊಂದು: 6 ಜನ ಗಾರೆ ಕೆಲಸದವರು ಒಂದು ಕಾಂಪೌಂಡ್ ಗೋಡೆಯನ್ನು 10 ದಿನದಲ್ಲಿ ಕಟ್ಟಿದರೆ 12 ಜನ ಎಷ್ಟು ದಿನದಲ್ಲಿ ಕಟ್ಟುತ್ತಾರೆ? ಜನ ಹೆಚ್ಚಿದರು, ದಿನ ಇಳಿಯಬೇಕು, 5 ದಿನ. ಎರಡೂ ಸರಿ. ಎರಡು ಸಲ ಸರಿ ಬಂದ ಮೇಲೆ ಸೂತ್ರದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಈಗ ಇದೇ ಕಾರಿನ ಮೂರನೆಯ ಲೆಕ್ಕ. ಟ್ಯಾಂಕಿನಲ್ಲಿ ಭರ್ತಿ 40 ಲೀಟರ್ ಇದೆ. 150 ಕಿಲೋಮೀಟರ್ ಹೋದ ಮೇಲೆ 30 ಲೀಟರ್ ಉಳಿದಿದೆ. 300 ಕಿಲೋಮೀಟರ್ ಹೋದಾಗ ಎಷ್ಟು ಉಳಿದಿರುತ್ತದೆ? ದೂರ ಹೆಚ್ಚಿದಂತೆ ಉಳಿಕೆ ಇಳಿಯುತ್ತದೆ. ಸೂತ್ರದ ಪ್ರಕಾರ ಇದು ವಿಲೋಮ. ದೂರ ಎರಡು ಪಟ್ಟಾಯಿತು, ಆದ್ದರಿಂದ ಉಳಿಕೆ ಅರ್ಧ, 15 ಲೀಟರ್. ಉತ್ತರ ಬರೆದು ಅಡಿಗೆರೆ ಎಳೆದದ್ದೂ ಆಯಿತು.

ಆದರೆ ಕಾರು ಹಾಗೆ ಓಡುವುದಿಲ್ಲ. ಮೊದಲ 150 ಕಿಲೋಮೀಟರಿಗೆ 10 ಲೀಟರ್ ಸುಟ್ಟಿತು, ಮುಂದಿನ 150ಕ್ಕೂ ಅದು ಸುಡುವುದು ಹತ್ತೇ. ಉಳಿಯುವುದು 20. 600 ಕಿಲೋಮೀಟರಿಗೆ ಟ್ಯಾಂಕು ಖಾಲಿಯಾಗಿ ಗಾಡಿ ರಸ್ತೆ ಬದಿಗೆ ನಿಲ್ಲುತ್ತದೆ. ವಿಲೋಮದ ಲೆಕ್ಕ ಹಿಡಿದವರಿಗೆ ಆಗಲೂ ಟ್ಯಾಂಕಿನಲ್ಲಿ ಏಳೂವರೆ ಲೀಟರ್ ಇದೆ! ಇನ್ನೂ ತಮಾಷೆಯೆಂದರೆ ಅವರ ಟ್ಯಾಂಕು ಎಂದೂ ಖಾಲಿಯಾಗುವುದೇ ಇಲ್ಲ. ಅರ್ಧ, ಅರ್ಧದ ಅರ್ಧ ಎನ್ನುತ್ತ ಏನಾದರೂ ಒಂದಿಷ್ಟು ಉಳಿದೇ ಇರುತ್ತದೆ.

ಹಾಗಾದರೆ ಈ ಮೂರನೆಯ ಲೆಕ್ಕ ನೇರವೋ, ವಿಲೋಮವೋ? ಎರಡೂ ಅಲ್ಲ. ಸುಟ್ಟ ಪೆಟ್ರೋಲಿಗೂ ದೂರಕ್ಕೂ ನೇರ ಸಂಬಂಧ ಇದೆ. ಉಳಿದ ಪೆಟ್ರೋಲಿಗೂ ದೂರಕ್ಕೂ ಇರುವುದು ಬರೀ ಕಳೆಯುವ ಲೆಕ್ಕ. ‘ಹೆಚ್ಚಿದರೆ ಕಡಿಮೆ’ ಎನ್ನುವುದು ವಿಲೋಮದ ಒಂದು ಲಕ್ಷಣ ಮಾತ್ರ, ಅದರ ಗುರುತು ಅಲ್ಲ. ನೇರ ಅನುಪಾತ ಆಗಬೇಕಾದರೆ ಒಂದು ಎರಡು ಪಟ್ಟಾದಾಗ ಇನ್ನೊಂದೂ ಸರಿಯಾಗಿ ಎರಡು ಪಟ್ಟಾಗಬೇಕು, ಮೂರು ಪಟ್ಟಾದಾಗ ಮೂರು ಪಟ್ಟು. ವಿಲೋಮ ಆಗಬೇಕಾದರೆ ಒಂದು ಎರಡು ಪಟ್ಟಾದಾಗ ಇನ್ನೊಂದು ಸರಿಯಾಗಿ ಅರ್ಧವಾಗಬೇಕು, ಮೂರು ಪಟ್ಟಾದಾಗ ಮೂರನೇ ಒಂದು ಪಾಲು. ಸುಮ್ಮನೆ ಏರಿದರೆ, ಸುಮ್ಮನೆ ಇಳಿದರೆ ಸಾಲದು.

ಹಾಗಾಗಿ ಮಕ್ಕಳಿಗೆ ಮೊದಲು ಕೇಳಲು ಕಲಿಸಬೇಕಾದ ಪ್ರಶ್ನೆ ಏನು ಏರುತ್ತದೆ, ಏನು ಇಳಿಯುತ್ತದೆ ಎನ್ನುವುದಲ್ಲ, ಈ ಲೆಕ್ಕದಲ್ಲಿ ಕದಲದೆ ಇರುವುದು ಯಾವುದು ಎನ್ನುವುದು ಎಂದು ನನ್ನ ಅಭಿಪ್ರಾಯ. ಹಾಸನದ ಲೆಕ್ಕದಲ್ಲಿ ಕದಲದೆ ಇದ್ದದ್ದು ಕಾರಿನ ಮೈಲೇಜು, ಲೀಟರಿಗೆ 15 ಕಿಲೋಮೀಟರ್. 180ನ್ನು 12ರಿಂದ ಭಾಗಿಸಿದರೂ ಅದೇ, 240ನ್ನು 16ರಿಂದ ಭಾಗಿಸಿದರೂ ಅದೇ. ಗೋಡೆಯ ಲೆಕ್ಕದಲ್ಲಿ ಕದಲದೆ ಇದ್ದದ್ದು ಗೋಡೆ. ಆರು ಜನರ ಹತ್ತು ದಿನ ಎಂದರೂ 60, ಹನ್ನೆರಡು ಜನರ ಐದು ದಿನ ಎಂದರೂ 60. ಭಾಗಿಸಿದಾಗ ಬರುವ ಸಂಖ್ಯೆ ಬದಲಾಗದಿದ್ದರೆ ನೇರ. ಗುಣಿಸಿದಾಗ ಬರುವ ಸಂಖ್ಯೆ ಬದಲಾಗದಿದ್ದರೆ ವಿಲೋಮ. ಎರಡೂ ಬದಲಾದರೆ ಅದು ಅನುಪಾತದ ಲೆಕ್ಕವೇ ಅಲ್ಲ, ಬೇರೆ ದಾರಿ ಹುಡುಕಬೇಕು. ಟ್ಯಾಂಕಿನ ಲೆಕ್ಕಕ್ಕೆ ಇದನ್ನು ಹಚ್ಚಿ ನೋಡಿ: 150ನ್ನು 30ರಿಂದ ಭಾಗಿಸಿದರೆ 5, 300ನ್ನು 20ರಿಂದ ಭಾಗಿಸಿದರೆ 15. ಗುಣಿಸಿದರೆ ಒಮ್ಮೆ 4,500, ಇನ್ನೊಮ್ಮೆ 6,000. ಕದಲದೆ ಕೂತದ್ದು ಒಂದೂ ಇಲ್ಲ.

ಪೆಟ್ರೋಲಿನ ಲೆಕ್ಕ ಎಂದರೆ ನೇರ, ಆಳಿನ ಲೆಕ್ಕ ಎಂದರೆ ವಿಲೋಮ ಎಂದು ಗಟ್ಟಿ ಮಾಡಿಕೊಂಡ ಮಕ್ಕಳೂ ಇದ್ದಾರೆ. ಪಠ್ಯದ ಉದಾಹರಣೆಗಳು ಹೆಚ್ಚಾಗಿ ಹಾಗೇ ಇರುವುದರಿಂದ ಅದು ಅವರ ತಪ್ಪೂ ಅಲ್ಲ. ಆದರೆ ಪೆಟ್ರೋಲಿನ ಲೆಕ್ಕದಲ್ಲಿ ಪಾತ್ರಧಾರಿಗಳು ಇಬ್ಬರಲ್ಲ, ಮೂವರು: ದೂರ, ಲೀಟರು, ಮೈಲೇಜು. ದೂರವೆಂದರೆ ಲೀಟರನ್ನು ಮೈಲೇಜಿನಿಂದ ಗುಣಿಸಿದ್ದು. ಪ್ರಶ್ನೆ ಯಾವುದೇ ಇರಲಿ, ಈ ಮೂರರಲ್ಲಿ ಒಂದನ್ನು ಅದು ಕಟ್ಟಿಹಾಕಿರುತ್ತದೆ. ಮೈಲೇಜನ್ನು ಕಟ್ಟಿಹಾಕಿದರೆ ದೂರಕ್ಕೂ ಲೀಟರಿಗೂ ನೇರ. ಲೀಟರನ್ನು ಕಟ್ಟಿಹಾಕಿದರೆ, ಎಂದರೆ ಹತ್ತೇ ಲೀಟರಿನಲ್ಲಿ ಯಾವ ಗಾಡಿ ಎಷ್ಟು ದೂರ ಹೋಗುತ್ತದೆ ಎಂದು ಕೇಳಿದರೆ, ಮೈಲೇಜಿಗೂ ದೂರಕ್ಕೂ ನೇರ. ದೂರವನ್ನು ಕಟ್ಟಿಹಾಕಿದರೆ ಮಾತ್ರ ಮೈಲೇಜಿಗೂ ಲೀಟರಿಗೂ ವಿಲೋಮ.

ಈ ಕೊನೆಯದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇಲ್ಲಿ ಮಕ್ಕಳಷ್ಟೇ ಅಲ್ಲ, ಗಾಡಿ ಕೊಳ್ಳುವ ದೊಡ್ಡವರೂ ಮುಗ್ಗರಿಸುತ್ತಾರೆ. ಒಂದು ಮನೆಯಲ್ಲಿ ಹಳೆಯ ಜೀಪಿದೆ, ಲೀಟರಿಗೆ 10 ಕಿಲೋಮೀಟರ್ ಕೊಡುತ್ತದೆ. ಜೊತೆಗೆ ಒಂದು ಚಿಕ್ಕ ಕಾರಿದೆ, 20 ಕೊಡುತ್ತದೆ. ಎರಡೂ ತಿಂಗಳಿಗೆ 600 ಕಿಲೋಮೀಟರ್ ಓಡುತ್ತವೆ. ದುಡ್ಡಿರುವುದು ಒಂದನ್ನು ಬದಲಿಸಲು ಮಾತ್ರ. ಜೀಪು ಕೊಟ್ಟು 12 ಕೊಡುವ ಗಾಡಿ ತರುವುದೋ, ಕಾರು ಕೊಟ್ಟು 30 ಕೊಡುವ ಕಾರು ತರುವುದೋ? ಹತ್ತರಿಂದ ಹನ್ನೆರಡಕ್ಕೆ ಏರಿದ್ದು ಎರಡೇ. ಇಪ್ಪತ್ತರಿಂದ ಮೂವತ್ತಕ್ಕೆ ಏರಿದ್ದು ಹತ್ತು. ಯಾರ ಮನಸ್ಸಾದರೂ ಎರಡನೆಯದರ ಕಡೆಗೇ ಓಡುತ್ತದೆ.

ಲೀಟರುಗಳನ್ನು ಎಣಿಸಿ ನೋಡೋಣ. ಜೀಪಿಗೆ ತಿಂಗಳಿಗೆ 60 ಲೀಟರ್ ಬೇಕಿತ್ತು, ಹೊಸದಕ್ಕೆ 50 ಸಾಕು. ಕಾರಿಗೆ 30 ಬೇಕಿತ್ತು, ಹೊಸದಕ್ಕೆ 20 ಸಾಕು. ಎರಡರಲ್ಲೂ ಉಳಿತಾಯ ಹತ್ತೇ ಲೀಟರ್! ಜೀಪಿನ ಬದಲು 15 ಕೊಡುವ ಗಾಡಿ ಸಿಕ್ಕಿಬಿಟ್ಟರೆ ಉಳಿತಾಯ 20 ಲೀಟರಿಗೆ ಏರುತ್ತದೆ. ಮೈಲೇಜಿಗೂ ಪೆಟ್ರೋಲಿಗೂ ಇರುವ ಸಂಬಂಧ ವಿಲೋಮವಾದ್ದರಿಂದ ಕೆಳಗಿನ ಸಂಖ್ಯೆಗಳಲ್ಲಿ ಸ್ವಲ್ಪ ಏರಿದರೂ ಪೆಟ್ರೋಲು ದಬದಬ ಇಳಿಯುತ್ತದೆ, ಮೇಲಿನ ಸಂಖ್ಯೆಗಳಲ್ಲಿ ಬಹಳ ಏರಿದರೂ ಅಷ್ಟಾಗಿ ಇಳಿಯುವುದಿಲ್ಲ. ಜನ ಇದನ್ನು ನೇರ ಸಂಬಂಧವೆಂದೇ ಭಾವಿಸಿ ತಪ್ಪು ಗಾಡಿ ಆರಿಸುತ್ತಾರೆ ಎಂಬುದನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಯುರೋಪಿನಲ್ಲಿ ಮೈಲೇಜನ್ನು ತಿರುಗಿಸಿ ಹೇಳುವ ರೂಢಿ ಇದೆ: ನೂರು ಕಿಲೋಮೀಟರಿಗೆ ಎಷ್ಟು ಲೀಟರು ಎಂದು. ಹಾಗೆ ಹೇಳಿದ ಕೂಡಲೇ ಸಂಬಂಧ ನೇರವಾಗಿಬಿಡುತ್ತದೆ. ಜೀಪು ನೂರಕ್ಕೆ 10 ಲೀಟರ್, ಕಾರು 5 ಲೀಟರ್. 600 ಕಿಲೋಮೀಟರಿಗೆ ಆರರಿಂದ ಗುಣಿಸಿದರೆ ಆಯಿತು. ಗಾಡಿ ಅದೇ, ರಸ್ತೆ ಅದೇ, ಅಳೆಯುವ ರೀತಿ ಬದಲಾದದ್ದಕ್ಕೇ ವಿಲೋಮ ಹೋಗಿ ನೇರ ಬಂತು. ಪ್ರಶ್ನೆಯಲ್ಲಿ ಕೊಟ್ಟ ಸಂಖ್ಯೆಯ ಪಕ್ಕದಲ್ಲಿ ‘ಲೀಟರಿಗೆ ಇಷ್ಟು ಕಿಲೋಮೀಟರ್’ ಎಂದಿದೆಯೋ ‘ಕಿಲೋಮೀಟರಿಗೆ ಇಷ್ಟು ಲೀಟರ್’ ಎಂದಿದೆಯೋ ಎಂದು ಕಣ್ಣಾಡಿಸದೆ ಮುಂದೆ ಹೋಗಬಾರದು ಎನ್ನುವುದು ಇದಕ್ಕೇ.

ಆಳಿನ ಲೆಕ್ಕದಲ್ಲೂ ಮೂವರಿದ್ದಾರೆ: ಜನ, ದಿನ, ಆಗಬೇಕಾದ ಕೆಲಸ. ಭತ್ತದ ನಾಟಿಯನ್ನೇ ತೆಗೆದುಕೊಳ್ಳಿ. ಹತ್ತು ಜನ ಒಂದು ದಿನದಲ್ಲಿ ಒಂದು ಎಕರೆ ನಾಟಿ ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ದಿನವನ್ನು ಒಂದಕ್ಕೆ ಕಟ್ಟಿಹಾಕಿದರೆ ಇಪ್ಪತ್ತು ಜನ ಎರಡು ಎಕರೆ, ಮೂವತ್ತು ಜನ ಮೂರು ಎಕರೆ. ಜನಕ್ಕೂ ಎಕರೆಗೂ ನೇರ. ಜನರನ್ನು ಹತ್ತಕ್ಕೆ ಕಟ್ಟಿಹಾಕಿದರೆ ಎರಡು ದಿನಕ್ಕೆ ಎರಡು ಎಕರೆ, ಮೂರು ದಿನಕ್ಕೆ ಮೂರು. ದಿನಕ್ಕೂ ಎಕರೆಗೂ ನೇರ. ಗದ್ದೆಯನ್ನು ಮೂರು ಎಕರೆಗೆ ಕಟ್ಟಿಹಾಕಿದಾಗ ಮಾತ್ರ ಜನಕ್ಕೂ ದಿನಕ್ಕೂ ವಿಲೋಮ: ಹತ್ತು ಜನಕ್ಕೆ ಮೂರು ದಿನ, ಹದಿನೈದು ಜನಕ್ಕೆ ಎರಡು, ಐದೇ ಜನಕ್ಕೆ ಆರು. ‘ಜನ’ ಎಂಬ ಪದ ಕಂಡ ಕೂಡಲೇ ವಿಲೋಮ ಎಂದು ಬರೆದವರಿಗೆ ಮೊದಲ ಪ್ರಶ್ನೆಯಲ್ಲಿ ಇಪ್ಪತ್ತು ಜನ ಅರ್ಧ ಎಕರೆ ನೆಟ್ಟಿರುತ್ತಾರೆ.

ಬೇಸಾಯದವರು ಈ ಗುಣಲಬ್ಧವನ್ನು ಬಾಯಿಲೆಕ್ಕದಲ್ಲಿ ದಿನವೂ ಬಳಸುತ್ತಾರೆ. ಮೂರು ಎಕರೆ ನಾಟಿಗೆ ಮೂವತ್ತು ಆಳು ಹಿಡಿಯಿತು ಎಂದು ಯಾರಾದರೂ ಹೇಳಿದರೆ ಒಂದೇ ದಿನ ಮೂವತ್ತು ಜನ ಬಂದಿದ್ದರು ಎಂದೇನೂ ಅಲ್ಲ. ಎಷ್ಟು ಜನ ಎಷ್ಟು ದಿನ ಬಂದರೂ ಕೂಲಿ ಕೊಟ್ಟ ಲೆಕ್ಕ ಮೂವತ್ತು. ಉದ್ಯೋಗ ಖಾತರಿಯ ಕಡತಗಳಲ್ಲಿ ‘ಮಾನವ ದಿನ’ ಎಂದು ಬರೆದದ್ದೂ ಇದನ್ನೇ. ಮಗುವಿಗೆ ಆಳಿನ ಲೆಕ್ಕ ಕೊಟ್ಟಾಗ ಬಾಣ ಹಾಕಿಸುವ ಬದಲು ಒಟ್ಟು ಎಷ್ಟು ಆಳಿನ ಕೆಲಸ ಎಂದು ಕೇಳಿಸಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಜನ ಮತ್ತು ಇಂಧನ ಎರಡೂ ಒಂದೇ ಲೆಕ್ಕದಲ್ಲಿ ಬಂದಾಗ ನಿಜವಾದ ಪರೀಕ್ಷೆ. ಕೂಲಿಯವರ ಜಾಗದಲ್ಲಿ ಯಂತ್ರ ನಿಲ್ಲಿಸೋಣ, ಲೆಕ್ಕದ ರೀತಿ ಬದಲಾಗುವುದಿಲ್ಲ. ಊರ ಕೆರೆಯ ಹೂಳೆತ್ತಬೇಕು. ಮೂರು ಜೆಸಿಬಿ ಹಚ್ಚಿದರೆ ಐದು ದಿನದಲ್ಲಿ ಮುಗಿಯುತ್ತದೆ. ಒಂದು ಯಂತ್ರ ದಿನಕ್ಕೆ 40 ಲೀಟರ್ ಡೀಸೆಲ್ ಕುಡಿಯುತ್ತದೆ. ಈಗ ಐದು ಜೆಸಿಬಿ ಬಂದವು ಎನ್ನಿ. ಈ ಒಂದೇ ಬದಲಾವಣೆಯ ಮೇಲೆ ನಾಲ್ಕು ಬೇರೆ ಬೇರೆ ಪ್ರಶ್ನೆ ಕೇಳಬಹುದು.

ಹೂಳು ಎಷ್ಟು ದಿನದಲ್ಲಿ ಮುಗಿಯುತ್ತದೆ? ಕದಲದೆ ಇರುವುದು ಕೆರೆಯ ಹೂಳು. ಮೂರು ಯಂತ್ರದ ಐದು ದಿನ ಎಂದರೆ ಒಟ್ಟು ಹದಿನೈದು ಯಂತ್ರದಿನ. ಐದರಿಂದ ಭಾಗಿಸಿದರೆ 3 ದಿನ. ಯಂತ್ರಕ್ಕೂ ದಿನಕ್ಕೂ ವಿಲೋಮ.

ಐದು ಯಂತ್ರವೂ ಐದು ದಿನ ಪೂರ್ತಿ ಓಡಿದರೆ ಎಷ್ಟು ಡೀಸೆಲ್ ಬೇಕು? ಇಲ್ಲಿ ಕದಲದೆ ಇರುವುದು ದಿನ. ಮೂರು ಯಂತ್ರಕ್ಕೆ 600 ಲೀಟರ್ ಆಗುತ್ತಿತ್ತು, ಐದಕ್ಕೆ 1,000. ಯಂತ್ರಕ್ಕೂ ಡೀಸೆಲಿಗೂ ನೇರ.

ದಾಸ್ತಾನಿನಲ್ಲಿ 600 ಲೀಟರ್ ಮಾತ್ರ ಇದೆ, ಐದು ಯಂತ್ರಕ್ಕೆ ಎಷ್ಟು ದಿನ ಬರುತ್ತದೆ? ಕದಲದೆ ಇರುವುದು ಡೀಸೆಲ್. ದಿನಕ್ಕೆ 200 ಲೀಟರ್ ಖರ್ಚು, 3 ದಿನ. ಮತ್ತೆ ವಿಲೋಮ.

ನಾಲ್ಕನೆಯದು ನನಗೆ ಇಷ್ಟವಾದದ್ದು. ಅದೇ ಕೆರೆಯ ಅದೇ ಹೂಳನ್ನು ಐದು ಯಂತ್ರದಿಂದ ತೆಗೆಸಿದರೆ ಒಟ್ಟು ಎಷ್ಟು ಡೀಸೆಲ್ ಆಗುತ್ತದೆ? ಯಂತ್ರ ಹೆಚ್ಚಿತು, ಡೀಸೆಲೂ ಹೆಚ್ಚಬೇಕು ಎನ್ನುವುದು ಸಹಜ ಉತ್ತರ. ಸೂತ್ರ ಬಾಯಿಪಾಠ ಮಾಡಿದವರು 1,000 ಲೀಟರ್ ಎಂದು ಬರೆದೇಬಿಡುತ್ತಾರೆ. ಆದರೆ ಐದು ಯಂತ್ರ ಓಡುವುದು ಮೂರೇ ದಿನ. ಐದು ಯಂತ್ರ, ಮೂರು ದಿನ, ನಲವತ್ತು ಲೀಟರ್ ಗುಣಿಸಿದರೆ 600. ಮೂರು ಯಂತ್ರಕ್ಕೆ ಆಗುತ್ತಿದ್ದದ್ದೂ 600. ಯಂತ್ರದ ಸಂಖ್ಯೆಗೂ ಒಟ್ಟು ಡೀಸೆಲಿಗೂ ಇಲ್ಲಿ ಸಂಬಂಧವೇ ಇಲ್ಲ. ಯಂತ್ರ ಹೆಚ್ಚಿದಷ್ಟೂ ದಿನ ಅದೇ ಪ್ರಮಾಣದಲ್ಲಿ ಇಳಿದು ಒಂದನ್ನೊಂದು ತೊಡೆದುಹಾಕಿವೆ. ಗೋಡೆ ಕಟ್ಟುವವರ ಒಟ್ಟು ಕೂಲಿಯೂ ಹೀಗೇ: ದಿನಗೂಲಿ ಒಂದೇ ಇದ್ದರೆ ಆರು ಜನ ಕಟ್ಟಿದರೂ ಹನ್ನೆರಡು ಜನ ಕಟ್ಟಿದರೂ ಮಾಲೀಕರು ಕೊಡುವುದು ಅರವತ್ತು ಆಳಿನ ದುಡ್ಡು. ‘ಬದಲಾಗುವುದಿಲ್ಲ’ ಎನ್ನುವುದೂ ಒಂದು ಉತ್ತರ ಎಂದು ನಮ್ಮ ಪಾಠಗಳು ಸಾಕಷ್ಟು ಹೇಳುವುದಿಲ್ಲ. ನೇರ, ವಿಲೋಮ ಎಂಬ ಎರಡೇ ಡಬ್ಬಿ ಕೊಟ್ಟು ಬಂದದ್ದನ್ನೆಲ್ಲ ಅವುಗಳಲ್ಲೇ ತುಂಬಿ ಎಂದರೆ ಮಕ್ಕಳಾದರೂ ಏನು ಮಾಡಬೇಕು?

ಈ ಗೊಂದಲ ಇಂದು ನಿನ್ನೆಯದಲ್ಲ. ಮೂರು ಸಂಖ್ಯೆ ಕೊಟ್ಟು ನಾಲ್ಕನೆಯದನ್ನು ಕೇಳುವ ಈ ಲೆಕ್ಕಕ್ಕೆ ನಮ್ಮಲ್ಲಿ ತ್ರೈರಾಶಿಕ ಎಂದು ಹೆಸರು. ಆರ್ಯಭಟ ಕ್ರಿ.ಶ. 499ರಲ್ಲೇ ಅದರ ವಿಧಿ ಹೇಳಿದ್ದಾನೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲೂ ಅದಿದೆ. 1150ರ ಸುಮಾರಿನ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ವಿಲೋಮದ್ದನ್ನು ವ್ಯಸ್ತ ತ್ರೈರಾಶಿಕ ಎಂದು ಕರೆದು, ಕೇಳಿದ್ದು ಹೆಚ್ಚಿದಾಗ ಫಲ ಇಳಿದರೆ ಈ ವಿಧಿ ಹಿಡಿಯಬೇಕು ಎನ್ನುತ್ತಾನೆ. ನಮ್ಮ ಮಕ್ಕಳ ಸೂತ್ರವೇ! ಆದರೆ ಅವನು ಅಷ್ಟಕ್ಕೇ ಬಿಡಲಿಲ್ಲ. ಎಲ್ಲೆಲ್ಲಿ ಇದನ್ನು ಬಳಸಬೇಕು ಎಂದು ಜಾಗಗಳನ್ನೂ ಹೆಸರಿಸಿದ: ಪ್ರಾಣಿಗಳ ವಯಸ್ಸು ಮತ್ತು ಬೆಲೆ, ಚಿನ್ನದ ಬಣ್ಣ ಮತ್ತು ತೂಕ, ರಾಶಿಯನ್ನು ಬೇರೆ ಬೇರೆ ಅಳತೆಯಿಂದ ಅಳೆಯುವುದು.

ಕೊನೆಯದಕ್ಕೆ ಅವನು ಕೊಡುವ ಲೆಕ್ಕ ಅಚ್ಚುಕಟ್ಟಾದದ್ದು. ಏಳು ಆಢಕ ಹಿಡಿಯುವ ಅಳತೆಯಿಂದ ಒಂದು ಧಾನ್ಯದ ರಾಶಿ ನೂರು ಅಳತೆಯಾಯಿತು, ಐದು ಆಢಕ ಹಿಡಿಯುವ ಅಳತೆಯಿಂದ ಎಷ್ಟಾಗುತ್ತದೆ? ಕದಲದೆ ಇರುವುದು ರಾಶಿ, ಒಟ್ಟು 700 ಆಢಕ. ಐದರಿಂದ ಭಾಗಿಸಿದರೆ 140. ಎಷ್ಟು ಸಲ ಅಳೆದರೂ ಈ ಉತ್ತರ ತಪ್ಪುವುದಿಲ್ಲ. ಎತ್ತಿನ ಲೆಕ್ಕ ಹಾಗಲ್ಲ. ಎರಡು ವರ್ಷ ನೊಗ ಹೊತ್ತ ಎತ್ತಿಗೆ ನಾಲ್ಕು ನಿಷ್ಕ ಬೆಲೆಯಾದರೆ ಆರು ವರ್ಷ ಹೊತ್ತದ್ದಕ್ಕೆ ಎಷ್ಟು? ಅವನ ಉತ್ತರ ಒಂದೂ ಮೂರನೇ ಒಂದು ನಿಷ್ಕ. ಎರಡನ್ನು ನಾಲ್ಕರಿಂದ ಗುಣಿಸಿದರೆ ಎಂಟು, ಎಂಟನ್ನು ಆರರಿಂದ ಭಾಗಿಸಿದರೆ ಅದು ಬರುತ್ತದೆ. ಆದರೆ ವರ್ಷವನ್ನು ಬೆಲೆಯಿಂದ ಗುಣಿಸಿದಾಗ ಬಂದ ಆ ಎಂಟು ಏನು? ರಾಶಿಯ 700ಕ್ಕೆ ಅರ್ಥವಿದೆ, ಅದು ಕಣದಲ್ಲಿ ಕಣ್ಣೆದುರಿಗೇ ಬಿದ್ದಿದೆ. ಎತ್ತಿನ ಎಂಟಕ್ಕೆ ಹಾಗೆ ಬೆರಳಿಟ್ಟು ತೋರಿಸುವಂಥದ್ದು ಏನೂ ಇಲ್ಲ. ಅದು ಸಂತೆಯ ಒಪ್ಪಂದ ಮಾತ್ರ. ದುಡಿದು ಹಣ್ಣಾದ ಎತ್ತಿಗೆ ಬೆಲೆ ಇಳಿಯುವುದು ನಿಜ, ಸರಿಯಾಗಿ ಮೂರನೇ ಒಂದಕ್ಕೇ ಇಳಿಯಬೇಕೆಂಬ ನಿಯಮ ಯಾವ ಜಾತ್ರೆಯಲ್ಲೂ ಇಲ್ಲ. ಭಾಸ್ಕರನ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಒಳ್ಳೆಯ ಪರೀಕ್ಷೆ ಸಿಗುತ್ತದೆ: ಗುಣಿಸಿ ಬಂದ ಸಂಖ್ಯೆ ಏನನ್ನು ಎಣಿಸುತ್ತಿದೆ ಎಂದು ಹೆಸರಿಟ್ಟು ಹೇಳಲು ಬಂದರೆ ವಿಲೋಮ ಎಂದು ಧೈರ್ಯವಾಗಿ ಬರೆಯಬಹುದು. ಹೇಳಲು ಬಾರದಿದ್ದರೆ ಪ್ರಶ್ನೆಯೇ ಅದನ್ನು ವಿಲೋಮ ಎಂದು ಹೇಳಿದೆಯೇ ಎಂದು ಮತ್ತೊಮ್ಮೆ ಓದಬೇಕು.

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಅಂಕ ಕಳೆಯುವ ಇನ್ನೊಂದು ಬಗೆ ಇದೆ: ಕೆಲಸದ ನಡುವೆ ಜನ ಬದಲಾಗುವುದು. ಹತ್ತು ಜನ 12 ದಿನದಲ್ಲಿ ಮುಗಿಸಬೇಕಾದ ಚರಂಡಿ ಕಾಮಗಾರಿ. ನಾಲ್ಕು ದಿನ ಆದ ಮೇಲೆ ಇಬ್ಬರು ಊರ ಹಬ್ಬಕ್ಕೆಂದು ಹೋದವರು ತಿರುಗಿ ಬರಲಿಲ್ಲ. ಕೆಲಸ ಮುಗಿಯಲು ಒಟ್ಟು ಎಷ್ಟು ದಿನ ಹಿಡಿಯಿತು? ಆತುರದಲ್ಲಿ ಮಾಡುವವರು ಹತ್ತು ಜನಕ್ಕೆ 12 ದಿನವಾದರೆ ಎಂಟು ಜನಕ್ಕೆ 15 ಎಂದು ಬರೆದು ಏಳುತ್ತಾರೆ. ಮೊದಲ ದಿನದಿಂದಲೂ ಎಂಟೇ ಜನ ಇದ್ದಿದ್ದರೆ ಅದು ಸರಿ. ಇಲ್ಲಿ ಕದಲದೆ ಉಳಿದದ್ದು ಇಡೀ ಚರಂಡಿಯಲ್ಲ, ಉಳಿದ ಚರಂಡಿ. ಒಟ್ಟು 120 ಆಳಿನ ಕೆಲಸ. ನಾಲ್ಕು ದಿನದಲ್ಲಿ ಹತ್ತು ಜನ 40 ಆಳಿನಷ್ಟು ಮುಗಿಸಿದ್ದಾರೆ. ಉಳಿದದ್ದು 80. ಎಂಟು ಜನಕ್ಕೆ ಇನ್ನು 10 ದಿನ ಬೇಕು, ಒಟ್ಟು 14. ಪ್ರಶ್ನೆ ‘ಇನ್ನು ಎಷ್ಟು ದಿನ’ ಎಂದು ಕೇಳಿದರೆ 10, ‘ಎಷ್ಟು ದಿನ ತಡವಾಯಿತು’ ಎಂದರೆ 2. ಆಯ್ಕೆಗಳಲ್ಲಿ ಇವೆಲ್ಲವೂ, 15 ಸಮೇತ, ಸಾಲಾಗಿ ಕೂತಿರುತ್ತವೆ. ಉತ್ತರವನ್ನು ಪರಿಶೀಲಿಸಲು ಹೆಚ್ಚು ಹೊತ್ತು ಬೇಡ. ಇಬ್ಬರೂ ಹೋಗದಿದ್ದರೆ 12 ದಿನ, ಮೊದಲೇ ಹೋಗಿದ್ದರೆ 15. ನಡುವೆ ಹೋದದ್ದರಿಂದ ಉತ್ತರ ಇವೆರಡರ ನಡುವೆಯೇ ಬರಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಉತ್ತರ ನಿಲ್ಲುವುದು ಕದಲದು ಎಂದುಕೊಂಡದ್ದು ನಿಜಕ್ಕೂ ಕದಲದೆ ಇರುವವರೆಗೆ ಮಾತ್ರ. ಲೀಟರಿಗೆ 15 ಎಂದು ಹಾಸನದವರೆಗೆ ಬಂದ ಕಾರು ಶಿರಾಡಿ ಘಾಟಿಯಲ್ಲಿ ಮಂಗಳೂರಿನ ಕಡೆಗೆ ಇಳಿಯುವಾಗ ಅದಕ್ಕಿಂತ ಹೆಚ್ಚೇ ಕೊಡಬಹುದು, ಹತ್ತಿ ವಾಪಸ್ಸು ಬರುವಾಗ ಖಂಡಿತ ಅಷ್ಟು ಕೊಡುವುದಿಲ್ಲ. ಹೋಗುವಾಗಿನ ಮೈಲೇಜು ಹಿಡಿದು ಬರುವಾಗಿನ ಪೆಟ್ರೋಲು ಲೆಕ್ಕ ಹಾಕಿದವರು ಸಕಲೇಶಪುರ ಮುಟ್ಟುವ ಮೊದಲೇ ಬಂಕು ಹುಡುಕಬೇಕಾದೀತು. ಕೆರೆಯಲ್ಲಿ ಐದು ಜೆಸಿಬಿ ನಿಂತರೂ ಮಣ್ಣು ಸಾಗಿಸುವ ಟಿಪ್ಪರುಗಳು ಮೊದಲಿನಷ್ಟೇ ಇದ್ದರೆ ಯಂತ್ರಗಳು ಬಕೆಟ್ ಎತ್ತಿಕೊಂಡು ಕಾಯುತ್ತ ನಿಲ್ಲುತ್ತವೆ. ಕಾಯುವಾಗಲೂ ಎಂಜಿನ್ ಓಡುತ್ತಿರುತ್ತದೆ. ಆಗ ಮೂರು ದಿನವೂ ಸುಳ್ಳು, 600 ಲೀಟರೂ ಸುಳ್ಳು. ಮನೆ ಕಟ್ಟುವಲ್ಲಿ ಎಷ್ಟು ಜನರನ್ನು ಹಾಕಿದರೂ ಮೋಲ್ಡಿಗೆ ಕನಿಷ್ಠ ಏಳು ದಿನ ನೀರು ನಿಲ್ಲಿಸಲೇಬೇಕು. ಅದು ಆಳಿನ ಕೆಲಸವೇ ಅಲ್ಲ, ಸಿಮೆಂಟಿನ ಕೆಲಸ.

ನಾಟಿಯಲ್ಲಿ ಈ ಮಿತಿ ಎರಡು ತುದಿಯಲ್ಲೂ ಕಾಣುತ್ತದೆ. ಮೂವತ್ತು ಆಳಿನ ಗದ್ದೆಗೆ ಮುನ್ನೂರು ಜನ ಇಳಿದರೆ ಎಂಟು ಗಂಟೆಯ ದಿನದಲ್ಲಿ 48 ನಿಮಿಷಕ್ಕೆ ನಾಟಿ ಮುಗಿಯಬೇಕು ಎನ್ನುತ್ತದೆ ಕಾಗದದ ಲೆಕ್ಕ. ಮಡಿಯಿಂದ ಸಸಿ ಕಿತ್ತು, ಕಟ್ಟು ಕಟ್ಟಿ, ಬದುವಿನ ಮೇಲೆ ಹೊತ್ತು ತಂದು ಗದ್ದೆಗೆ ಎಸೆಯಲೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತೂ ಉಳಿದವರು ಕೆಸರಿನಲ್ಲಿ ಕೈಕಟ್ಟಿ ನಿಂತಿರಬೇಕು. ಇನ್ನೊಂದು ತುದಿಯಲ್ಲಿ, ಒಬ್ಬರೇ ನೆಟ್ಟರೆ ಮೂವತ್ತು ದಿನ. ಲೆಕ್ಕ ಒಪ್ಪುತ್ತದೆ, ಆದರೆ ಮೊದಲ ದಿನ 25 ದಿನದ ಸಸಿ ನೆಟ್ಟವರ ಕೈಗೆ ಕೊನೆಯ ದಿನ ಬರುವುದು 54 ದಿನದ ಸಸಿ. ಮಡಿಯಲ್ಲೇ ಬಲಿತ ಅಂಥ ಸಸಿ ಗದ್ದೆಯಲ್ಲಿ ಸರಿಯಾಗಿ ತೆಂಡೆ ಒಡೆಯುವುದಿಲ್ಲ, ಇಳುವರಿ ಬೀಳುತ್ತದೆ. ಆದ್ದರಿಂದಲೇ ಮೂರು ಎಕರೆಯವರು ನಾಟಿಗೆ ಜನ ಗೊತ್ತುಮಾಡುವಾಗ ಹತ್ತೋ ಹದಿನೈದೋ ಎಂದು ಚೌಕಾಸಿ ಮಾಡುತ್ತಾರೆಯೇ ಹೊರತು ಒಂದೋ ಮುನ್ನೂರೋ ಎಂದಲ್ಲ.